ಗಂಟೆಗೆ ₹100 ಓವರ್‌ಹೆಡ್: ಆ ನೂರು ಬಂದಿದ್ದು ಎಲ್ಲಿಂದ?

ಪ್ರಶ್ನೆ: ಸರ್, ಪೀಣ್ಯದಲ್ಲಿ ನಮ್ಮದು ವೈರಿಂಗ್ ಹಾರ್ನೆಸ್ ಮಾಡುವ ಸಣ್ಣ ಯೂನಿಟ್. ಲೈನ್‌ನಲ್ಲಿ 12 ಜನ ಕೆಲಸ ಮಾಡ್ತಾರೆ. ಅಕೌಂಟೆಂಟ್ ಪ್ರತಿ ಆರ್ಡರಿಗೂ ಕಾಸ್ಟ್ ಶೀಟ್ ಮಾಡಿ, ಲೇಬರ್ ಗಂಟೆಗೆ ₹100 ಅಂತ ಬಾಡಿಗೆ, ಕರೆಂಟ್ ಥರದ ಓವರ್‌ಹೆಡ್ ಸೇರಿಸ್ತಾರೆ. ಅದರ ಮೇಲೆ 10% ಇಟ್ಟು ರೇಟ್ ಕೊಡ್ತೀವಿ. ಶೀಟ್ ನೋಡಿದರೆ ಎಲ್ಲಾ ಆರ್ಡರಿನಲ್ಲೂ ಲಾಭ. ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ. ಈಚಿನ 500 ಪೀಸಿನ ಆರ್ಡರಿನ ಶೀಟ್, ಜಾಬ್ ಕಾರ್ಡ್, ವರ್ಷದ ಖರ್ಚಿನ ಪಟ್ಟಿ ಕಳಿಸಿದ್ದೀನಿ. ಇದನ್ನ ಎಲ್ಲಿಂದ ಚೆಕ್ ಮಾಡಬೇಕು?

ಉತ್ತರ: ನಿಮ್ಮ ಶೀಟಿನಲ್ಲಿ ಕೂಡುವುದು, ಗುಣಿಸುವುದು ಎಲ್ಲಾ ಸರಿಯಾಗಿದೆ. ಕ್ಯಾಲ್ಕುಲೇಟರ್ ಹಿಡಿದು ಒಂದೊಂದು ಸಾಲನ್ನೂ ಚೆಕ್ ಮಾಡಿದರೆ ತಪ್ಪು ಸಿಗುವುದಿಲ್ಲ. ತಪ್ಪು ಇರುವುದು ಗಂಟೆಯಲ್ಲಿ. ದರ ಲೆಕ್ಕ ಹಾಕುವಾಗ ಒಂದು ಥರದ ಗಂಟೆ ಹಿಡಿದಿದ್ದೀರಿ, ಆ ದರವನ್ನು ಆರ್ಡರಿಗೆ ಹಾಕುವಾಗ ಇನ್ನೊಂದು ಥರದ ಗಂಟೆ ಹಿಡಿದಿದ್ದೀರಿ. ಇದರ ಜೊತೆಗೆ ಇನ್ನೆರಡು ಸಣ್ಣ ತಪ್ಪುಗಳಿವೆ. ಮೂರೂ ಸೇರಿ ನಿಮ್ಮ 10% ಅನ್ನು ಪೂರ್ತಿ ನುಂಗಿವೆ.

ಮೊದಲು ನಿಮ್ಮ ಶೀಟ್ ಏನು ಹೇಳುತ್ತದೆ ಅಂತ ಎದುರಿಗೆ ಇಟ್ಟುಕೊಳ್ಳೋಣ. 520 ಪೀಸಿಗೆ ಸಾಮಾನು ಕೊಟ್ಟಿದ್ದೀರಿ. ವೈರ್, ಟರ್ಮಿನಲ್, ಕನೆಕ್ಟರ್, ಟೇಪ್ ಎಲ್ಲಾ ಸೇರಿ ₹1,24,800. ಜಿಎಸ್‌ಟಿ ಇದರಲ್ಲಿ ಸೇರಿಲ್ಲ. ಅದರ ಕ್ರೆಡಿಟ್ ನಿಮಗೆ ಸಿಗುವುದರಿಂದ ಸೇರಿಸದೇ ಇರುವುದೇ ಸರಿ. ಕೂಲಿ 195 ಗಂಟೆ, ಗಂಟೆಗೆ ₹122.50, ಒಟ್ಟು ₹23,887.50. ಓವರ್‌ಹೆಡ್ 195 ಗಂಟೆ, ಗಂಟೆಗೆ ₹100, ಒಟ್ಟು ₹19,500. ಎಲ್ಲಾ ಸೇರಿ ₹1,68,187.50. ಇದನ್ನು 520ರಿಂದ ಭಾಗಿಸಿ ಪೀಸಿಗೆ ₹323.44 ಅಂತ ಬರೆದಿದ್ದಾರೆ. ನೀವು 10% ಸೇರಿಸಿ ₹356ಕ್ಕೆ ಕೊಟೇಶನ್ ಕೊಟ್ಟಿದ್ದೀರಿ.

ನಾನು ಇಂಥ ಶೀಟನ್ನು ಮೇಲಿಂದ ಕೆಳಗೆ ಓದುವುದಿಲ್ಲ. ಮೊದಲು ಗಂಟೆ ಎಲ್ಲಿಂದ ಬಂತು ಅಂತ ನೋಡುತ್ತೇನೆ. ಯಾಕೆ ಅಂದರೆ ಆ ಒಂದೇ ಅಂಕಿ ಎರಡು ಕಡೆ ಗುಣಾಕಾರಕ್ಕೆ ಹೋಗುತ್ತದೆ, ಕೂಲಿಗೆ ಒಮ್ಮೆ, ಓವರ್‌ಹೆಡ್‌ಗೆ ಇನ್ನೊಮ್ಮೆ. ಅದು ತಪ್ಪಾದರೆ ಎರಡೂ ತಪ್ಪು.

ನಿಮ್ಮ 195 ಗಂಟೆ ಬಂದಿರುವುದು ಜಾಬ್ ಕಾರ್ಡಿನಿಂದ. ಐದು ಜನ, ಆರು ದಿನ, ಒಟ್ಟು 30 ನಮೂದು. ಒಬ್ಬರ ಕಾರ್ಡನ್ನು ಹತ್ತಿರದಿಂದ ನೋಡಿ. ಸೋಮವಾರ 6.45, ಮಂಗಳವಾರ 7.10, ಬುಧವಾರ 6.20, ಗುರುವಾರ 6.50, ಶುಕ್ರವಾರ 7.05, ಶನಿವಾರ 6.30. ಎಕ್ಸೆಲ್ ಇದನ್ನು ಕೂಡಿ 39.60 ಅಂತ ತೋರಿಸುತ್ತಿದೆ. ಆದರೆ ಕಾರ್ಡ್ ಬರೆದವರ ಮನಸ್ಸಿನಲ್ಲಿ 6.45 ಅಂದರೆ ಆರು ಗಂಟೆ ನಲವತ್ತೈದು ನಿಮಿಷ. ಅಂದರೆ ಆರೂ ಮುಕ್ಕಾಲು, 6.75. ಎಕ್ಸೆಲ್‌ಗೆ ಅದು ಗೊತ್ತಿಲ್ಲ. ಅದರ ಪಾಲಿಗೆ 6.45 ಅಂದರೆ ಆರೂವರೆಗಿಂತ ಕಮ್ಮಿ. ಗಂಟೆ, ನಿಮಿಷ ಬೇರೆ ಬೇರೆ ಕೂಡಿ ನೋಡಿ. ಗಂಟೆ 38, ನಿಮಿಷ 160. ಅಂದರೆ 40 ಗಂಟೆ 40 ನಿಮಿಷ. ಒಬ್ಬರ ಒಂದು ವಾರದ ಕಾರ್ಡಿನಲ್ಲೇ ಒಂದು ಗಂಟೆಗೂ ಜಾಸ್ತಿ ಸಮಯ ಕಳೆದುಹೋಗಿದೆ.

ಇದು ಗಂಟೆ-ನಿಮಿಷವೋ ದಶಮಾಂಶವೋ ಅಂತ ಬರೆದವರನ್ನು ಕೇಳದೆಯೇ ಗೊತ್ತು ಮಾಡಿಕೊಳ್ಳಬಹುದು. ನಮೂದುಗಳ ಕಾಲಂ ಮೇಲೆ ಕಣ್ಣಾಡಿಸಿ. ಚುಕ್ಕಿಯ ನಂತರ 60 ಅಥವಾ ಅದಕ್ಕಿಂತ ದೊಡ್ಡ ಅಂಕಿ ಒಂದಾದರೂ ಇದೆಯಾ? ನಿಮ್ಮ 30 ನಮೂದುಗಳಲ್ಲಿ ಒಂದೂ ಇಲ್ಲ. ನಿಜವಾದ ದಶಮಾಂಶವಾಗಿದ್ದರೆ 6.75, 7.80 ಥರದ್ದು ಎಲ್ಲಾದರೂ ಬಂದೇ ಬರಬೇಕಿತ್ತು. ಒಂದೇ ಒಂದು .75 ಕಂಡರೂ ಕಾಲಂ ದಶಮಾಂಶದ್ದು, ಅಥವಾ ಇಬ್ಬರು ಎರಡು ರೀತಿ ಬರೆದಿದ್ದಾರೆ ಅಂತ ತಿಳಿಯಿರಿ. ಎರಡನೆಯದಾದರೆ ಕಾರ್ಡ್ ಬರೆದವರನ್ನೇ ಕೂರಿಸಿಕೊಂಡು ಸರಿ ಮಾಡಬೇಕಾಗುತ್ತದೆ. ಇನ್ನೊಂದು ಮಾತು. ಈ ಪರೀಕ್ಷೆಯನ್ನು ಒಂದೊಂದು ನಮೂದಿನ ಮೇಲೆ ಮಾಡಿ, ಮೊತ್ತದ ಮೇಲೆ ಮಾಡಬೇಡಿ. ಮೇಲಿನ ಕಾರ್ಡಿನಲ್ಲಿ ಮೊತ್ತ 39.60 ಅಂತಲೇ ಬಂದಿದೆ ಅಲ್ವಾ?

ಸರಿಪಡಿಸಲು ಪಕ್ಕದ ಕಾಲಂನಲ್ಲಿ ಇಷ್ಟು ಹಾಕಿದರೆ ಸಾಕು.

```
=DOLLARDE(B2,60)
```

ಹೆಸರು ಡಾಲರಿನದ್ದಾದರೂ ಕೆಲಸ ಇದೇ. ಚುಕ್ಕಿಯ ನಂತರದ ಅಂಕಿಯನ್ನು 60ರಲ್ಲಿ ಎಷ್ಟು ಭಾಗ ಅಂತ ಓದಿ ದಶಮಾಂಶ ಮಾಡಿಕೊಡುತ್ತದೆ. 6.45 ಕೊಟ್ಟರೆ 6.75 ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಏಳು ಗಂಟೆ ಐದು ನಿಮಿಷವನ್ನು 7.05 ಅಂತಲೇ ಬರೆದಿರಬೇಕು. 7.5 ಅಂತ ಬರೆದರೆ ಅದು ಐವತ್ತು ನಿಮಿಷ ಅಂತ ಓದಿಕೊಳ್ಳುತ್ತದೆ.

ನಿಮ್ಮ 30 ನಮೂದುಗಳನ್ನೂ ಹೀಗೆ ಸರಿಪಡಿಸಿದೆ. ಗಂಟೆಗಳ ಮೊತ್ತ 186, ನಿಮಿಷಗಳ ಮೊತ್ತ 900. ಅಂದರೆ ಇನ್ನೂ 15 ಗಂಟೆ. ಒಟ್ಟು 201 ಗಂಟೆ, 195 ಅಲ್ಲ.

ಈಗ ದೊಡ್ಡ ತಪ್ಪಿಗೆ ಬರೋಣ. ₹100 ಅನ್ನುವ ದರ ಬಂದಿದ್ದು ಹೀಗೆ: ವರ್ಷದ ಓವರ್‌ಹೆಡ್ ₹28,80,000, ಭಾಗಿಸು 28,800 ಗಂಟೆ. ಆ 28,800 ಎಲ್ಲಿಂದ ಬಂತು? 12 ಜನ, ವರ್ಷಕ್ಕೆ 300 ದಿನ, ದಿನಕ್ಕೆ 8 ಗಂಟೆ. ಕೂಲಿ ದರಕ್ಕೂ ಇದೇ ಲೆಕ್ಕ. ಪಿಎಫ್, ಇಎಸ್‌ಐ, ಬೋನಸ್ ಎಲ್ಲಾ ಸೇರಿ ಒಬ್ಬರಿಗೆ ತಿಂಗಳಿಗೆ ₹24,500 ಖರ್ಚು. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಅಂತ 200 ಗಂಟೆಯಿಂದ ಭಾಗಿಸಿದರೆ ₹122.50.

ಇಷ್ಟು ಗಂಟೆ ಕೆಲಸ ನಿಮ್ಮ ಲೈನ್‌ನಲ್ಲಿ ಯಾವತ್ತೂ ನಡೆಯುವುದಿಲ್ಲ. ಎಣಿಸಿ ನೋಡಿ. ವರ್ಷಕ್ಕೆ 365 ದಿನ. ಭಾನುವಾರ 52. ಕರ್ನಾಟಕದಲ್ಲಿ ರಾಷ್ಟ್ರೀಯ ರಜೆ ಮತ್ತು ಹಬ್ಬದ ರಜೆ ಸೇರಿ 10. ಉಳಿಯಿತು 303. ಅದರಲ್ಲಿ ನಿಮ್ಮ ಹಾಜರಿ ಪುಸ್ತಕದ ಪ್ರಕಾರ ಒಬ್ಬರು ಸರಾಸರಿ 23 ದಿನ ರಜೆ ಹಾಕುತ್ತಾರೆ, ಅದಕ್ಕೂ ಸಂಬಳ ಕೊಡುತ್ತೀರಿ. ಹಾಗಾಗಿ ಕೆಲಸಕ್ಕೆ ಬಂದಿದ್ದು 280 ದಿನ. ಬಂದ ದಿನವೂ 8 ಗಂಟೆ ಪೂರ್ತಿ ಹಾರ್ನೆಸ್ ಕೆಲಸಕ್ಕೆ ಹೋಗುವುದಿಲ್ಲ. ಎರಡು ಸಲ ಟೀ ಇದೆ. ಟರ್ಮಿನಲ್ ಒತ್ತುವ ಅಪ್ಲಿಕೇಟರ್ ಬದಲಿಸಿ ಸೆಟ್ಟಿಂಗ್ ಮಾಡುವ ಹೊತ್ತಿಗೆ ಪಕ್ಕದವರು ಕಾಯುತ್ತಾರೆ. ಕನೆಕ್ಟರ್ ಬರುವುದು ತಡ ಆಗುತ್ತದೆ, ಕರೆಂಟ್ ಹೋಗುತ್ತದೆ. ನೀವೇ ಕಳಿಸಿದ ವರ್ಷದ ಜಾಬ್ ಕಾರ್ಡುಗಳನ್ನು ಸರಿಪಡಿಸಿ ನೋಡಿದರೆ ಒಬ್ಬರಿಗೆ ದಿನಕ್ಕೆ ಸರಾಸರಿ 7 ಗಂಟೆ ಮಾತ್ರ ಯಾವುದಾದರೂ ಆರ್ಡರಿನ ಹೆಸರಿಗೆ ಬಿದ್ದಿದೆ. ಇದೇನೂ ಕೆಟ್ಟ ಅಂಕಿ ಅಲ್ಲ, ಕೈಕೆಲಸದ ಲೈನ್‌ನಲ್ಲಿ ಹೀಗೇ ಇರುತ್ತದೆ.

12 ಜನ, 280 ದಿನ, 7 ಗಂಟೆ. ಗುಣಿಸಿದರೆ 23,520 ಗಂಟೆ.

ಅಂದರೆ ದರ ಹಾಕಿದ್ದು 28,800 ಗಂಟೆಗೆ, ಆ ದರ ವಸೂಲಾಗುವುದು 23,520 ಗಂಟೆಗೆ ಮಾತ್ರ. ಗ್ರಾಹಕರ ಹೆಸರಿಗೆ ಬೀಳದ 5,280 ಗಂಟೆಗಳ ಖರ್ಚು ಯಾವ ಶೀಟಿನಲ್ಲೂ ಇಲ್ಲ. ಆದರೆ ಬಾಡಿಗೆಯವರು, ಬೆಸ್ಕಾಂನವರು ಪೂರ್ತಿ ದುಡ್ಡು ತೆಗೆದುಕೊಂಡು ಹೋಗಿದ್ದಾರೆ.

ಇದನ್ನು ಹಿಡಿಯಲು ಒಂದೇ ಸಾಲಿನ ಪರೀಕ್ಷೆ ಇದೆ. ನಾನು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡುವುದಿಲ್ಲ. ವರ್ಷದಲ್ಲಿ ಎಲ್ಲಾ ಆರ್ಡರುಗಳಿಗೆ ಬಿದ್ದ ಗಂಟೆಗಳನ್ನು ಕೂಡಿ, ನಿಮ್ಮ ದರದಿಂದ ಗುಣಿಸಿ. ಬಂದ ಮೊತ್ತ, ನಿಜವಾಗಿ ಆದ ಓವರ್‌ಹೆಡ್‌ಗೆ ಹತ್ತಿರ ಇರಬೇಕು. ನಿಮ್ಮದರಲ್ಲಿ 23,520 ಗುಣಿಸು ₹100 ಅಂದರೆ ₹23,52,000. ಆದ ಖರ್ಚು ₹28,80,000. ಕೊರತೆ ₹5,28,000. ಕೂಲಿಗೂ ಇದೇ ಪರೀಕ್ಷೆ ಮಾಡಿ. 23,520 ಗುಣಿಸು ₹122.50 ಅಂದರೆ ₹28,81,200. 12 ಜನಕ್ಕೆ ವರ್ಷಕ್ಕೆ ನೀವು ಕೊಟ್ಟಿದ್ದು ₹35,28,000. ಕೊರತೆ ₹6,46,800. ಎರಡೂ ಸೇರಿ ವರ್ಷಕ್ಕೆ ಸುಮಾರು ಹನ್ನೊಂದು ಮುಕ್ಕಾಲು ಲಕ್ಷ. ನಿಮಿಷದ ತಪ್ಪಿನಿಂದ ಕಾರ್ಡಿನಲ್ಲೇ ಕಳೆದುಹೋದ ಗಂಟೆಗಳು ಇದರ ಮೇಲೆ ಬೇರೆ. "ಕೈಯಲ್ಲಿ ಏನೂ ಉಳಿಯಲ್ಲ" ಅಂತ ಕೇಳಿದ್ದಿರಲ್ಲ, ದುಡ್ಡು ಹೋಗಿರುವುದು ಇಲ್ಲೇ.

ಹಾಗಾದರೆ 23,520 ಗಂಟೆಯೇ ಸರಿಯಾ, ಹಾಜರಿ ಗಂಟೆ ಹಿಡಿಯಬಾರದಾ ಅಂತ ನಿಮ್ಮ ಅಕೌಂಟೆಂಟ್ ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಿಡಿಯಬಹುದು. ಆದರೆ ಆಗ ಆರ್ಡರಿಗೂ ಹಾಜರಿ ಗಂಟೆಯನ್ನೇ ಹಾಕಬೇಕು. ಹಾಜರಿ ಗಂಟೆ 12 ಜನ, 280 ದಿನ, 8 ಗಂಟೆಯಂತೆ 26,880. ಆಗ ಕೂಲಿ ದರ ₹131.25 ಆಗುತ್ತದೆ. ಆದರೆ ಈ ಆರ್ಡರಿನ 201 ಗಂಟೆಗೆ ಟೀ ಹೊತ್ತು, ಕಾದ ಹೊತ್ತಿನ ಪಾಲು ಸೇರಿಸಬೇಕು. 7 ಗಂಟೆಗೆ 8ರಂತೆ ಅದು ಸುಮಾರು 229.71 ಗಂಟೆ ಆಗುತ್ತದೆ. ಗುಣಿಸಿದರೆ ₹30,150. ಈ ಕಡೆ 35,28,000ವನ್ನು 23,520ರಿಂದ ಭಾಗಿಸಿದರೆ ಗಂಟೆಗೆ ₹150. ಅದನ್ನು 201ಕ್ಕೆ ಗುಣಿಸಿದರೂ ₹30,150. ಎರಡು ದಾರಿಯಲ್ಲೂ ಒಂದೇ ಉತ್ತರ. ಯಾವ ಗಂಟೆ ಅನ್ನುವುದಕ್ಕಿಂತ ಎರಡು ಕಡೆಯೂ ಅದೇ ಗಂಟೆ ಇದೆಯಾ ಅನ್ನುವುದೇ ಮುಖ್ಯ. ನಿಮ್ಮ ಜಾಬ್ ಕಾರ್ಡಿನಲ್ಲಿ ಬರೆಯುವುದು ಕೆಲಸ ಮಾಡಿದ ಗಂಟೆ. ಹಾಗಾಗಿ ಕೆಳಗೆ ಭಾಗಿಸುವುದೂ ಕೆಲಸ ಮಾಡಿದ ಗಂಟೆಯಿಂದಲೇ ಆಗಬೇಕು.

ಇನ್ನು ಮೇಲಿನ ಅಂಕಿ, ಅಂದರೆ ₹28,80,000 ಸರಿಯಾ ಅಂತ ನೋಡೋಣ. ನಿಮ್ಮ ಪಟ್ಟಿಯಲ್ಲಿ ಶೆಡ್ ಬಾಡಿಗೆ ₹9,60,000. ಸೂಪರ್‌ವೈಸರ್, ಕ್ವಾಲಿಟಿ ನೋಡುವವರು, ಸ್ಟೋರ್ ನೋಡಿಕೊಳ್ಳುವವರ ಸಂಬಳ ₹10,80,000. ಕರೆಂಟ್ ₹2,40,000, ಮೆಷಿನ್ ಸವಕಳಿ ₹2,70,000, ಅಪ್ಲಿಕೇಟರ್ ಮತ್ತು ಬ್ಲೇಡ್ ರಿಪೇರಿ ₹1,50,000, ಸಣ್ಣಪುಟ್ಟ ಸಾಮಾನು ₹90,000, ವಿಮೆ ಇತ್ಯಾದಿ ₹32,400. ಕೊನೆಯಲ್ಲಿ ಟೆಂಪೊ ಬಾಡಿಗೆ ₹57,600.

ಇಲ್ಲಿ ನಾನು ನೋಡುವುದು ಎರಡೇ. ಒಂದು, ಯಾವುದಾದರೂ ಖರ್ಚು ಎರಡು ಕಡೆ ಬಂದಿದೆಯಾ? ಸಾಮಾನ್ಯವಾಗಿ ಸಿಕ್ಕಿಬೀಳುವುದು ಲೈನ್‌ನವರ ಪಿಎಫ್, ಇಎಸ್‌ಐ. ಕೂಲಿ ದರದಲ್ಲೂ ಇರುತ್ತದೆ, ಓವರ್‌ಹೆಡ್ ಪಟ್ಟಿಯಲ್ಲೂ ಇರುತ್ತದೆ. ನಿಮ್ಮದರಲ್ಲಿ ಕೂಲಿಯ ₹24,500ರೊಳಗೆ ಮಾತ್ರ ಇದೆ, ಸರಿಯಾಗಿದೆ. ಸೂಪರ್‌ವೈಸರ್ ಆ 12 ಜನರಲ್ಲಿ ಒಬ್ಬರಲ್ಲ ಅಂತಲೂ ಸಂಬಳದ ಪಟ್ಟಿ ಹೋಲಿಸಿ ನೋಡಿದೆ, ಅದೂ ಸರಿ. ಎರಡು, ಫ್ಯಾಕ್ಟರಿಯ ಹೊರಗಿನ ಖರ್ಚು ಒಳಗೆ ಸೇರಿದೆಯಾ? ಟೆಂಪೊ ಬಾಡಿಗೆ ಮಾಲು ತಯಾರಾದ ಮೇಲೆ ಗ್ರಾಹಕರಿಗೆ ತಲುಪಿಸಲು ಆದ ಖರ್ಚು. ಅದು ತಯಾರಿಕೆಯ ಓವರ್‌ಹೆಡ್ ಅಲ್ಲ. ಒಬ್ಬ ಗ್ರಾಹಕರು ಪೀಣ್ಯದಲ್ಲೇ ಇದ್ದು ತಾವೇ ಬಂದು ಮಾಲು ಒಯ್ಯುತ್ತಾರೆ, ಇನ್ನೊಬ್ಬರಿಗೆ ಹೊಸೂರಿಗೆ ಕಳಿಸಬೇಕು ಅಂದುಕೊಳ್ಳಿ. ಲೇಬರ್ ಗಂಟೆಯ ಮೇಲೆ ಹಂಚಿದರೆ ಹೊಸೂರಿನ ಬಾಡಿಗೆಯಲ್ಲಿ ಪೀಣ್ಯದವರೂ ಪಾಲು ಕೊಟ್ಟ ಹಾಗಾಗುತ್ತದೆ. ಅದನ್ನು ತೆಗೆದು, ಆಯಾ ಆರ್ಡರಿಗೆ ನೇರವಾಗಿ ಹಾಕಿ. ವರ್ಷದ ಕೊನೆಗೆ ಉಳಿದ ಸ್ಟಾಕಿಗೆ ಬೆಲೆ ಕಟ್ಟುವಾಗಲೂ ಇದು ಬೇಕಾಗುತ್ತದೆ. ಸ್ಟಾಕಿಗೆ ಬೆಲೆ ಕಟ್ಟುವ ಅಕೌಂಟಿಂಗ್ ನಿಯಮವಾದ ಎಎಸ್ 2 ಪ್ರಕಾರ ಮಾರಾಟದ ಖರ್ಚನ್ನು ಸ್ಟಾಕಿನ ಬೆಲೆಗೆ ಸೇರಿಸುವ ಹಾಗಿಲ್ಲ.

ಟೆಂಪೊ ತೆಗೆದರೆ ಉಳಿಯುವುದು ₹28,22,400. ಇದನ್ನು 23,520ರಿಂದ ಭಾಗಿಸಿದರೆ ಗಂಟೆಗೆ ₹120.

ಮೂರನೇ ತಪ್ಪು ಕೊನೆಯ ಸಾಲಿನಲ್ಲಿದೆ. 520ರಿಂದ ಭಾಗಿಸಿದ್ದಾರೆ. 520 ಪೀಸ್ ಶುರು ಮಾಡಿದ್ದು ನಿಜ. ಆದರೆ ಕಂಟಿನ್ಯುಟಿ ಟೆಸ್ಟಿನಲ್ಲಿ 20 ರಿಜೆಕ್ಟ್ ಆಗಿವೆ. ಗ್ರಾಹಕರು ದುಡ್ಡು ಕೊಡುವುದು 500ಕ್ಕೆ. ಆ 20 ಪೀಸಿಗೂ ವೈರ್ ಹೋಗಿದೆ, ಕ್ರಿಂಪಿಂಗ್ ಆಗಿದೆ, ಟೇಪ್ ಸುತ್ತಿದ್ದಾರೆ. ಆ ಖರ್ಚನ್ನು 500 ಒಳ್ಳೆಯ ಪೀಸುಗಳೇ ಹೊರಬೇಕು. 520ರಿಂದ ಭಾಗಿಸಿ 500 ಮಾರಿದರೆ 20 ಪೀಸಿನ ಖರ್ಚು ಯಾರ ಲೆಕ್ಕಕ್ಕೂ ಬರದೆ ಹಾಗೇ ಉಳಿಯುತ್ತದೆ. ಅದರ ಬದಲಿಗೆ ರಿಜೆಕ್ಟ್ ಆದವುಗಳ ತಾಮ್ರ ಮಾರಿ ಬಂದ ₹1,300 ಅನ್ನು ಸಾಮಾನಿನ ಖರ್ಚಿನಿಂದ ಕಳೆಯಬಹುದು. ಶೀಟಿನಲ್ಲಿ ಅದನ್ನೂ ಕಳೆದಿಲ್ಲ.

ಆದರೆ ಇದನ್ನು ಕಣ್ಣುಮುಚ್ಚಿ ಮಾಡಬೇಡಿ. ಹಿಂದಿನ ಬ್ಯಾಚುಗಳಲ್ಲಿ ನೂರಕ್ಕೆ ಮೂರು ನಾಲ್ಕು ರಿಜೆಕ್ಟ್ ಆಗುತ್ತಾ ಬಂದಿದ್ದರೆ ಈ 20 ಮಾಮೂಲಿ, ಪೀಸಿನ ಬೆಲೆಯೊಳಗೇ ಬರಬೇಕು. ನಿಮ್ಮ ಟೆಸ್ಟ್ ರಿಜಿಸ್ಟರ್ ನೋಡಿದರೆ ಹಾಗೇ ಇದೆ. ಅದೇ ಯಾರೋ ತಪ್ಪು ಅಪ್ಲಿಕೇಟರ್ ಹಾಕಿ ಒಂದೇ ದಿನ 80 ಪೀಸ್ ಹಾಳಾಗಿದ್ದರೆ ಅದು ಬೇರೆ ಮಾತು. ಆ ನಷ್ಟವನ್ನು ಪೀಸಿನ ಬೆಲೆಗೆ ಸೇರಿಸಿದರೆ ಮುಂದಿನ ಕೊಟೇಶನ್ ಸುಮ್ನೆ ಏರುತ್ತದೆ, ಆರ್ಡರ್ ಕೈತಪ್ಪುತ್ತದೆ. ಅದನ್ನು ಪಕ್ಕಕ್ಕೆ ತೆಗೆದು ನೇರವಾಗಿ ನಷ್ಟದ ಲೆಕ್ಕಕ್ಕೆ ಹಾಕಬೇಕು.

ಈಗ ಎರಡೂ ಶೀಟನ್ನು ಪಕ್ಕಪಕ್ಕ ಇಡೋಣ.

| | ನಿಮ್ಮ ಶೀಟ್ | ಸರಿಪಡಿಸಿದ್ದು |
|---|---|---|
| ಸಾಮಾನು (ಸ್ಕ್ರ್ಯಾಪ್ ಕಳೆದು) | 1,24,800.00 | 1,23,500.00 |
| ಕೂಲಿ | 195 × 122.50 = 23,887.50 | 201 × 150 = 30,150.00 |
| ಓವರ್‌ಹೆಡ್ | 195 × 100 = 19,500.00 | 201 × 120 = 24,120.00 |
| ಒಟ್ಟು | 1,68,187.50 | 1,77,770.00 |
| ಭಾಗಿಸಿದ್ದು | 520 | 500 |
| ಪೀಸಿಗೆ | ₹323.44 | ₹355.54 |

ನೀವು ಕೊಟ್ಟ ರೇಟ್ ₹356. ಪೀಸಿಗೆ ಉಳಿದಿದ್ದು 46 ಪೈಸೆ. 500 ಪೀಸಿಗೆ ₹230. ಆ ₹230ರಲ್ಲಿ ಟೆಂಪೊ ಬಾಡಿಗೆ, ಆಫೀಸ್ ಖರ್ಚು, ಬ್ಯಾಂಕಿನ ಬಡ್ಡಿ ಎಲ್ಲಾ ಬರಬೇಕು. ಬರುವುದಿಲ್ಲ.

₹32.10 ವ್ಯತ್ಯಾಸ ಎಲ್ಲಿಂದ ಎಷ್ಟು ಬಂತು ಅಂತಲೂ ಬಿಡಿಸಿ ನೋಡಿದೆ. ನಿಮಿಷದ ತಪ್ಪಿನಿಂದ ₹2.57. ದರದ ತಪ್ಪಿನಿಂದ ₹18.36. ಸ್ಕ್ರ್ಯಾಪ್ ಕಳೆದಿದ್ದರಿಂದ ₹2.50 ಇಳಿಯಿತು. 520 ಬದಲು 500ರಿಂದ ಭಾಗಿಸಿದ್ದರಿಂದ ₹13.67 ಏರಿತು. ಅರ್ಧಕ್ಕಿಂತ ಜಾಸ್ತಿ ದರದ ತಪ್ಪಿನದ್ದೇ. ಹೀಗೆ ಬಿಡಿಸಿ ನೋಡುವುದರಿಂದ ಒಂದು ಲಾಭ ಇದೆ. ಭಾಗಗಳನ್ನು ಮತ್ತೆ ಕೂಡಿದಾಗ ಸರಿಯಾಗಿ ₹32.10 ಬರದಿದ್ದರೆ ನಾವು ಹಿಡಿಯದ ಇನ್ನೊಂದು ತಪ್ಪು ಎಲ್ಲೋ ಉಳಿದಿದೆ ಅಂತ ಅರ್ಥ. ಇಲ್ಲಿ ಸರಿಯಾಗಿ ಬಂದಿದೆ.

ಇನ್ನು ಈ ₹120 ದರವನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು? ಇಲ್ಲಿ ತುಂಬಾ ಜನ ಎಡವುತ್ತಾರೆ. ಮುಂದಿನ ವರ್ಷ ಆರ್ಡರ್ ಕಮ್ಮಿಯಾಗಿ ಗಂಟೆ 18,000ಕ್ಕೆ ಇಳಿಯಿತು ಅಂದುಕೊಳ್ಳಿ. ಬಾಡಿಗೆ, ಸೂಪರ್‌ವೈಸರ್ ಸಂಬಳ, ಸವಕಳಿ ಇಳಿಯುವುದಿಲ್ಲ. ಓವರ್‌ಹೆಡ್ ಹಾಗೇ ಇದ್ದರೆ 28,22,400ವನ್ನು 18,000ದಿಂದ ಭಾಗಿಸಿ ದರ ₹156.80 ಆಯಿತು. ಅಕೌಂಟೆಂಟ್ ಕೊಟೇಶನ್ ಏರಿಸುತ್ತಾರೆ. ರೇಟ್ ಜಾಸ್ತಿ ಅಂತ ಇನ್ನೊಂದಷ್ಟು ಆರ್ಡರ್ ಹೋಗುತ್ತದೆ. ಗಂಟೆ ಇನ್ನೂ ಕಮ್ಮಿಯಾಗುತ್ತದೆ, ದರ ಇನ್ನೂ ಏರುತ್ತದೆ. ಕೆಲಸ ಇಲ್ಲದೆ ಖಾಲಿ ಕೂತ ಬೆಂಚಿನ ಖರ್ಚನ್ನು ಇರುವ ಗ್ರಾಹಕರಿಂದ ವಸೂಲಿ ಮಾಡಲು ಹೊರಟ ಹಾಗೆ ಇದು.

ಹಾಗಾಗಿ ಕೆಳಗಿನ ಗಂಟೆ ಮಾಮೂಲಿ ವರ್ಷಗಳ ಸರಾಸರಿ ಆಗಿರಬೇಕು. ರಜೆ, ಟೀ, ಸೆಟ್ಟಿಂಗ್, ರಿಪೇರಿ ಎಲ್ಲಾ ಕಳೆದ ಮೇಲೆ ಸಾಮಾನ್ಯವಾಗಿ ಸಿಗುವ ಗಂಟೆ. ಎಎಸ್ 2 ಹೇಳುವುದೂ ಇದನ್ನೇ. ಸ್ಥಿರ ಓವರ್‌ಹೆಡ್ ಅನ್ನು ಮಾಮೂಲಿ ಸಾಮರ್ಥ್ಯದ ಮೇಲೆ ಹಂಚಬೇಕು, ಕೆಲಸ ಕಮ್ಮಿಯಾದ ವರ್ಷ ಹಂಚದೆ ಉಳಿದಿದ್ದನ್ನು ಆ ವರ್ಷದ ಖರ್ಚಿಗೇ ಹಾಕಬೇಕು. ಮೇಲಿನ ಉದಾಹರಣೆಯಲ್ಲಿ 5,520 ಗಂಟೆ ಕಮ್ಮಿ, ₹120ರಂತೆ ₹6,62,400. ಅದು ಪೀಸಿನ ಬೆಲೆಯೊಳಗೆ ಅಡಗಬಾರದು, ಲಾಭ-ನಷ್ಟದ ಪಟ್ಟಿಯಲ್ಲಿ ಕಣ್ಣಿಗೆ ಕಾಣಬೇಕು. ಆಗಲೇ ನಿಮಗೆ ಗೊತ್ತಾಗುವುದು, ತೊಂದರೆ ಇರುವುದು ರೇಟಿನಲ್ಲಿ ಅಲ್ಲ, ಆರ್ಡರ್ ಸಾಲದೆ ಇರುವುದರಲ್ಲಿ ಅಂತ. ಗುಣಿಸಿ ನೋಡುವ ಆ ಒಂದು ಸಾಲಿನ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿ. ಕೊರತೆ ಬಂದರೆ ಮೊದಲು ಗಂಟೆ ನೋಡಿ, ಆಮೇಲೆ ಖರ್ಚು ನೋಡಿ. ಗಂಟೆ ಸರಿಯಿದ್ದು ಖರ್ಚೇ ಏರಿದ್ದರೆ, ಉದಾಹರಣೆಗೆ ಬಾಡಿಗೆ ಹೆಚ್ಚಿದ್ದರೆ, ಆಗ ಮಾತ್ರ ದರ ಬದಲಿಸಿ.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನಿಮ್ಮ ಪಟ್ಟಿಯಲ್ಲಿ ವೈರ್ ಕತ್ತರಿಸಿ, ಸಿಪ್ಪೆ ತೆಗೆದು, ಟರ್ಮಿನಲ್ ಒತ್ತುವ ಆಟೋಮ್ಯಾಟಿಕ್ ಮೆಷಿನ್ ಒಂದಿದೆ. ಸವಕಳಿಯ ₹2,70,000 ಹೆಚ್ಚೂಕಮ್ಮಿ ಅದರದ್ದೇ. ರಿಪೇರಿಯ ₹1,50,000 ಕೂಡ ಅದಕ್ಕೇ ಹೋಗುತ್ತದೆ. ಕರೆಂಟಿನಲ್ಲಿ ಅರ್ಧ ಅದರದ್ದು ಅಂತ ಹಿಡಿಯೋಣ, ₹1,20,000. ಒಟ್ಟು ₹5,40,000. ಈ ಖರ್ಚು ಹುಟ್ಟುವುದು ಮೆಷಿನ್ ಓಡಿದಾಗ, ಕೈಕೆಲಸ ನಡೆದಾಗ ಅಲ್ಲ. ಮೆಷಿನ್ ವರ್ಷಕ್ಕೆ 1,800 ಗಂಟೆ ಓಡಿದರೆ ಅದರ ದರ ಗಂಟೆಗೆ ₹300. ಉಳಿದ ₹22,82,400 ಮಾತ್ರ ಲೇಬರ್ ಗಂಟೆಯ ಮೇಲೆ ಹಂಚಿದರೆ ಅದು ₹97 ಚಿಲ್ಲರೆ.

ಈ 500 ಪೀಸಿನ ಆರ್ಡರಿನಲ್ಲಿ ಇದರಿಂದ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಮೆಷಿನ್ 12 ಗಂಟೆ ಓಡಿದೆ. ಹೊಸ ರೀತಿಯಲ್ಲಿ ಓವರ್‌ಹೆಡ್ ಸುಮಾರು ₹23,100, ಹಳೆಯ ರೀತಿಯಲ್ಲಿ ₹24,120. ಪೀಸಿಗೆ ಎರಡು ರೂಪಾಯಿ ಆಚೀಚೆ. ಬೋರ್ಡ್ ಮೇಲೆ ವೈರ್ ಜೋಡಿಸಿ ಟೇಪ್ ಸುತ್ತುವ ಕೆಲಸವೇ ಇದರಲ್ಲಿ ಜಾಸ್ತಿ ಇರುವುದರಿಂದ ಲೇಬರ್ ಗಂಟೆಯ ದರ ಚೆನ್ನಾಗಿಯೇ ಹೊಂದುತ್ತದೆ.

ಆದರೆ ನೀವು ಬರೀ ಲೀಡ್ ವೈರ್ ಆರ್ಡರುಗಳನ್ನೂ ತೆಗೆದುಕೊಳ್ಳುತ್ತೀರಿ. ಕತ್ತರಿಸಿ ಎರಡು ತುದಿಗೂ ಟರ್ಮಿನಲ್ ಒತ್ತಿ ಕಟ್ಟು ಕಟ್ಟಿ ಕೊಡುವುದು. ಅದರಲ್ಲಿ ಮೆಷಿನ್ 20 ಗಂಟೆ ಓಡಿದರೆ ಅದನ್ನು ನೋಡಿಕೊಳ್ಳುವವರ ಸಮಯ, ಕಟ್ಟು ಕಟ್ಟುವ ಸಮಯ ಸೇರಿ 22 ಲೇಬರ್ ಗಂಟೆ ಅಂತ ಇಟ್ಟುಕೊಳ್ಳಿ. ಈಗಿನ ರೀತಿಯಲ್ಲಿ ಆ ಆರ್ಡರಿಗೆ ಬೀಳುವ ಓವರ್‌ಹೆಡ್ 22 ಗುಣಿಸು ₹120, ಅಂದರೆ ₹2,640. ಬೇರೆ ಮಾಡಿ ಹಾಕಿದರೆ ಮೆಷಿನ್‌ಗೆ ₹6,000, ಲೇಬರ್ ಮೇಲೆ ಸುಮಾರು ₹2,135. ಒಟ್ಟು ₹8,135. ಮೂರು ಪಟ್ಟು. ಅಂದರೆ ಲೀಡ್ ವೈರ್ ಗ್ರಾಹಕರಿಗೆ ನೀವು ಮೆಷಿನ್ ಅನ್ನು ಹೆಚ್ಚೂಕಮ್ಮಿ ಪುಕ್ಕಟೆ ಓಡಿಸಿಕೊಡುತ್ತಿದ್ದೀರಿ, ಅದರ ಖರ್ಚನ್ನು ಹಾರ್ನೆಸ್ ಗ್ರಾಹಕರ ಮೇಲೆ ಹೊರಿಸುತ್ತಿದ್ದೀರಿ. ವರ್ಷದ ಮೊತ್ತ ಗುಣಿಸಿ ನೋಡುವ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ, ಯಾಕೆ ಅಂದರೆ ಒಟ್ಟು ಸರಿಯಾಗಿಯೇ ಬರುತ್ತದೆ. ತಪ್ಪಾಗುವುದು ಯಾರ ಪಾಲು ಎಷ್ಟು ಅನ್ನುವುದು.

ನಿಮ್ಮ ಆರ್ಡರ್ ಪುಸ್ತಕ ನೋಡಿದರೆ ಇದರ ಸುಳಿವು ಸಿಗುತ್ತದೆ. ಲೀಡ್ ವೈರ್ ಕೊಟೇಶನ್ ಕೊಟ್ಟಾಗೆಲ್ಲಾ ಚೌಕಾಸಿ ಇಲ್ಲದೆ ತಟ್ಟನೆ ಒಪ್ಪುತ್ತಿದ್ದಾರಾ? ಹಾರ್ನೆಸ್‌ನಲ್ಲಿ ಮಾತ್ರ "ನಿಮ್ಮದು ಜಾಸ್ತಿ" ಅನ್ನುತ್ತಾರಾ? ಹಾಗಿದ್ದರೆ ಮೆಷಿನ್ ಪಕ್ಕ ಒಂದು ಪುಸ್ತಕ ಇಟ್ಟು, ಯಾವ ಆರ್ಡರಿಗೆ ಎಷ್ಟು ಹೊತ್ತು ಓಡಿತು ಅಂತ ಬರೆಸಲು ಶುರು ಮಾಡಿ. 1,800 ಗಂಟೆ ಅಂತ ನಾನು ಹಿಡಿದಿರುವುದು ಲೆಕ್ಕ ತೋರಿಸಲು ಮಾತ್ರ. ಮೂರು ತಿಂಗಳ ಬರಹ ಕೈಗೆ ಬಂದರೆ ನಿಮ್ಮ ಮೆಷಿನ್‌ನ ನಿಜವಾದ ಗಂಟೆ ಹಾಕಿ ದರ ತೆಗೆಯಬಹುದು. ಅಲ್ಲಿಯವರೆಗೆ ದೊಡ್ಡ ಲೀಡ್ ವೈರ್ ಆರ್ಡರಿಗೆ ₹120 ದರದ ಮೇಲೆ ರೇಟ್ ಕೊಡಬೇಡಿ.